ಕ್ಷಯ ವಾಸಿಯಾದ ಮೇಲೂ ಉಳಿಯುವ ಕಫ

ಕೊಳ್ಳೇಗಾಲದ ಬಳಿಯ ಹಳ್ಳಿಯೊಂದರಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ 48 ವರ್ಷದ ತಾಯಿಯೊಬ್ಬರನ್ನು ಉದಾಹರಣೆಯಾಗಿ ಭಾವಿಸಿಕೊಳ್ಳೋಣ. 20 ವರ್ಷಗಳ ಹಿಂದೆ ಅವರಿಗೆ ಕ್ಷಯ ತಗುಲಿತ್ತು. ಆರು ತಿಂಗಳ ಚಿಕಿತ್ಸೆಯನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದರು. ಅಂದಿನಿಂದ ಪ್ರತಿದಿನ ಬೆಳಗ್ಗೆ ಅರ್ಧ ಲೋಟದಷ್ಟು ಕಫ ಬರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಕಫ ಹಸಿರಾಗಿ, ಜ್ವರ ಬಂದು, ಒಮ್ಮೊಮ್ಮೆ ರಕ್ತದ ಎಳೆಯೂ ಕಾಣುತ್ತದೆ. ಅಂಗಡಿಯಿಂದ ತಂದ ಮೂರು ದಿನದ ಮಾತ್ರೆ ನುಂಗಿದರೆ ಜ್ವರ ಇಳಿಯುತ್ತದೆ, ತಿಂಗಳೊಳಗೆ ಮರಳಿ ಬರುತ್ತದೆ. ನೆರೆಹೊರೆಯವರು 'ಹಳೆಯ ಕಾಯಿಲೆ ತಿರುಗಿ ಬಂತು' ಎನ್ನುತ್ತಾರೆ. ಕಫದಲ್ಲಿ ರೋಗಾಣು ಸಿಗದಿದ್ದರೂ ಒಮ್ಮೆ ಕ್ಷಯದ ಮಾತ್ರೆಗಳನ್ನೇ ಪುನಃ ಕೊಟ್ಟದ್ದೂ ಉಂಟು.

ಈ ತಾಯಿಗೆ ಇರುವುದು ಕ್ಷಯವಲ್ಲ. ಕ್ಷಯವು ಬಿಟ್ಟುಹೋದ ಗಾಯದ ಫಲ. ಇದಕ್ಕೆ ವೈದ್ಯರು ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ, ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿರುವ ಸ್ಥಿತಿ. ಸ್ಟೆಥಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ 1819ರಲ್ಲಿಯೇ ಇದನ್ನು ವರ್ಣಿಸಿದ್ದಾನೆ. ಆರೋಗ್ಯವಂತರ ಶ್ವಾಸನಾಳದ ಒಳಮೈಯಲ್ಲಿರುವ ಅತಿ ಸೂಕ್ಷ್ಮ ರೋಮಗಳು ಲೋಳೆಯನ್ನು ಸದಾ ಗಂಟಲಿನತ್ತ ತಳ್ಳುತ್ತಿರುತ್ತವೆ. ನಾಳದ ಗೋಡೆ ಹಾಳಾದಲ್ಲಿ, ಏರಿ ಕುಸಿದ ಕಾಲುವೆಯಲ್ಲಿ ನೀರು ಮಡುಗಟ್ಟುವಂತೆ, ಲೋಳೆ ನಿಲ್ಲುತ್ತದೆ. ನಿಂತ ಲೋಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಉರಿಯೂತವು ಗೋಡೆಯನ್ನು ಮತ್ತಷ್ಟು ಸವೆಸುತ್ತದೆ. ಆಗ ಇನ್ನಷ್ಟು ಲೋಳೆ ನಿಲ್ಲುತ್ತದೆ. ಹಿಗ್ಗಿದ ನಾಳವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಆದರೆ ಲೋಳೆ ನಿಲ್ಲದಂತೆ ನೋಡಿಕೊಂಡರೆ ಈ ಸುತ್ತು ನಿಧಾನವಾಗುತ್ತದೆ.

ಭಾರತದ 31 ಕೇಂದ್ರಗಳ 2195 ರೋಗಿಗಳ ವಿವರಗಳು 2019ರಲ್ಲಿ ಪ್ರಕಟವಾದವು. ಅವರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಜನರಿಗೆ ಮೂಲಕಾರಣ ಹಳೆಯ ಕ್ಷಯವೇ ಆಗಿತ್ತು. ಉಳಿದವರಲ್ಲಿ ಬಾಲ್ಯದ ನ್ಯುಮೋನಿಯಾ, ನಾಯಿಕೆಮ್ಮು ಅಥವಾ ದಡಾರ, ಆಸ್ತಮಾದೊಡನೆ ಬರುವ ಒಂದು ಬಗೆಯ ಶಿಲೀಂಧ್ರದ ಅಲರ್ಜಿ, ರೋಗನಿರೋಧಕ ಶಕ್ತಿಯ ಹುಟ್ಟುಕೊರತೆ ಇಂಥವು ಕಾರಣವಾಗಬಹುದು. ಮಗುವಿನ ಶ್ವಾಸನಾಳಕ್ಕೆ ಜಾರಿದ ಕಡಲೆಕಾಯಿ ಬೀಜ ತಿಂಗಳುಗಟ್ಟಲೆ ಅಲ್ಲಿಯೇ ಉಳಿದರೂ ಅದರಾಚೆಯ ಭಾಗ ಹೀಗೆ ಹಾಳಾಗುತ್ತದೆ. ಶಿಲೀಂಧ್ರದ ಅಲರ್ಜಿಗೂ ನಿರೋಧಕ ಶಕ್ತಿಯ ಕೊರತೆಗೂ ಬೇರೆಯೇ ಚಿಕಿತ್ಸೆ ಇರುವುದರಿಂದ ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟರೆ ಬೇಡವೆನ್ನಬಾರದು. ರೋಗವನ್ನು ಖಚಿತಪಡಿಸುವುದು ಎದೆಯ ಸಿ.ಟಿ. ಸ್ಕ್ಯಾನ್, ಸಾಮಾನ್ಯ ಎಕ್ಸ್‌ರೇಯಲ್ಲಿ ಆರಂಭದ ಹಂತ ಕಾಣದೆ ಹೋಗಬಹುದು.

ನಮ್ಮ ಉದಾಹರಣೆಯ ತಾಯಿಗೆ ಸ್ಕ್ಯಾನಿನಲ್ಲಿ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿಯೂ ಕೆಳಭಾಗದಲ್ಲಿಯೂ ನಾಳಗಳು ಹಿಗ್ಗಿರುವುದು ಕಂಡಿತೆನ್ನೋಣ. ಯಾವ ಭಾಗವೆಂದು ತಿಳಿಯುವುದು ಇಲ್ಲಿ ಬಹಳ ಮುಖ್ಯ. ಮೇಲ್ಭಾಗದ ಕಫ, ಕುಳಿತಾಗ ಅಥವಾ ನಿಂತಾಗ, ತನ್ನ ಭಾರದಿಂದಲೇ ಕೆಳಗಿಳಿದು ದೊಡ್ಡ ನಾಳವನ್ನು ಸೇರುತ್ತದೆ. ಕೆಳಭಾಗದ್ದು ಹಾಗೆ ಬರಲಾರದು. ಅದಕ್ಕೆ ಆ ಭಾಗವನ್ನು ಮೇಲಕ್ಕೆ ತರಬೇಕು. ಆದ್ದರಿಂದ ಈ ತಾಯಿ ಬಲ ಮಗ್ಗುಲಿಗೆ ಮಲಗಿ, ಎಡ ಪಕ್ಕ ಮೇಲಾಗುವಂತೆ ಮಾಡಿಕೊಳ್ಳಬೇಕು. ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸುವುದು ಹಳೆಯ ಪದ್ಧತಿ. ಎದೆಯುರಿ, ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರಿಗೆ ಅದು ಸಲ್ಲದು. ಅವರು ಸಮತಲದಲ್ಲಿ ಮಗ್ಗುಲಾದರೆ ಸಾಕು. ಊಟವಾಗಿ ಎರಡು ಗಂಟೆ ಕಳೆದಿರಬೇಕು.

ಮಲಗಿದ ಮೇಲೆ ಉಸಿರಿನ ಕೆಲಸ. ಮೊದಲು ಭುಜಗಳನ್ನು ಸಡಿಲಿಸಿ ಒಂದು ನಿಮಿಷ ಸಹಜವಾಗಿ ಉಸಿರಾಡಬೇಕು. ಅನಂತರ ಮೂಗಿನಿಂದ ಆಳವಾಗಿ ಉಸಿರೆಳೆದು, ಮೂರು ಸೆಕೆಂಡು ಹಿಡಿದು, ಮೆಲ್ಲನೆ ಬಿಡಬೇಕು. ಹೀಗೆ ಮೂರು ನಾಲ್ಕು ಸಲ ಮಾಡಿದಾಗ ಗಾಳಿ ಕಫದ ಹಿಂಬದಿಗೆ ಸೇರುತ್ತದೆ. ಮತ್ತೆ ಸಹಜ ಉಸಿರು. ಬಳಿಕ ಸಾಧಾರಣ ಪ್ರಮಾಣದ ಉಸಿರೆಳೆದು, ಬಾಯಿ ತೆರೆದು, ಕನ್ನಡಿಯ ಮೇಲೆ ಹಬೆ ಹಿಡಿಸುವಂತೆ 'ಹಾ' ಎಂದು ದೀರ್ಘವಾಗಿ ಊದಬೇಕು. ಇದು ಆಳದ ಕಫವನ್ನು ಸಾಗಿಸುತ್ತದೆ. ಕಫ ಮೇಲೆ ಬಂದುದು ಅರಿವಾದಾಗ ಪೂರ್ಣ ಉಸಿರೆಳೆದು ಚಿಕ್ಕದಾಗಿ, ರಭಸದಿಂದ ಊದಿ, ಕೆಮ್ಮಿ ಉಗುಳಬೇಕು. ಎರಡು ಸಲ ಊದಿದರೂ ಗೊರಗೊರ ಸದ್ದಿಲ್ಲದಿದ್ದರೆ ಅಂದಿನ ಕೆಲಸ ಮುಗಿಯಿತು. ದಿನಕ್ಕೆ ಎರಡು ಸಲ, ಪ್ರತಿಸಲ ಸುಮಾರು 20 ನಿಮಿಷ ಬೇಕಾಗುತ್ತದೆ. ಮೊದಲ ಬಾರಿ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ ಕಲಿಯುವುದು ಉತ್ತಮ.

ಅನೇಕರು ಇದಕ್ಕೆ ಬದಲಾಗಿ ಸುಸ್ತಾಗುವವರೆಗೆ ಜೋರಾಗಿ ಕೆಮ್ಮುತ್ತಾರೆ. ಸಡಿಲವಾದ ನಾಳಗಳು ಅಂಥ ಒತ್ತಡಕ್ಕೆ ಅಂಟಿಕೊಂಡು ಮುಚ್ಚಿಹೋಗುತ್ತವೆ, ಕಫ ಹಿಂದೆಯೇ ಉಳಿಯುತ್ತದೆ. ಕೆಮ್ಮನ್ನು ಅಡಗಿಸುವ ಸಿರಪ್ಪು ಕುಡಿಯುವುದು ಇದಕ್ಕಿಂತಲೂ ದೊಡ್ಡ ತಪ್ಪು. ರಾತ್ರಿ ನಿದ್ದೆ ಬಂದರೂ ಒಳಗೆ ಮಡುವು ತುಂಬುತ್ತಿರುತ್ತದೆ.

ಇನ್ನು ಸೋಂಕು ಉಲ್ಬಣಿಸುವ ದಿನಗಳ ಮಾತು. ನಿತ್ಯದ ಕಫ ಎಷ್ಟು, ಯಾವ ಬಣ್ಣ ಎಂಬುದು ರೋಗಿಗೆ ತಿಳಿದಿದ್ದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಕಫದ ಪ್ರಮಾಣ ಅಥವಾ ಗಟ್ಟಿತನ, ಬಣ್ಣ, ಕೆಮ್ಮು, ಉಬ್ಬಸ, ಆಯಾಸ, ರಕ್ತ ಇವುಗಳಲ್ಲಿ ಮೂರಾದರೂ ಎರಡು ದಿನಗಳ ಕಾಲ ಹೆಚ್ಚಿದ್ದರೆ ಅದು ಉಲ್ಬಣ. ಆಗ ಮೊದಲ ಮಾತ್ರೆ ನುಂಗುವ ಮುನ್ನವೇ ಕಫವನ್ನು ಕಲ್ಚರ್ ಪರೀಕ್ಷೆಗೆ ಕೊಡಬೇಕು. ಹನೂರಿನಾಚೆಯ ಬೆಟ್ಟದ ಊರುಗಳಿಂದಲೋ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದಲೋ ಬರುವವರು ಮನೆಯಿಂದಲೇ ಡಬ್ಬಿಯಲ್ಲಿ ಕಫ ತಂದರೆ ಬಸ್ಸಿನ ಸೆಕೆಯಲ್ಲಿ ಅದು ಕೆಡುತ್ತದೆ. ಆಸ್ಪತ್ರೆಗೆ ತಲುಪಿ, ನೀರಿನಿಂದ ಬಾಯಿ ಮುಕ್ಕಳಿಸಿ, ಮೇಲೆ ಹೇಳಿದಂತೆ ಊದಿ, ಎದೆಯಾಳದ ಕಫವನ್ನು ಅಲ್ಲಿಯೇ ಕೊಡುವುದು ಲೇಸು.

ಈ ಪರೀಕ್ಷೆಯ ಅಗತ್ಯಕ್ಕೆ ಕಾರಣವಿದೆ. ಹಿಮೋಫಿಲಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿದರೆ ಅಮಾಕ್ಸಿಸಿಲಿನ್ ಗುಂಪಿನ ಔಷಧ ಸಾಮಾನ್ಯವಾಗಿ ಸಾಲುತ್ತದೆ. ನಮ್ಮ ದೇಶದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಸ್ಯೂಡೋಮೊನಾಸ್ ಅದಕ್ಕೆ ಜಗ್ಗುವುದಿಲ್ಲ. ಅದಕ್ಕೆ ಸಿಪ್ರೊಫ್ಲಾಕ್ಸಸಿನ್ ಬೇಕಾಗಬಹುದು. ಆದರೆ ಈ ಗುಂಪಿನ ಔಷಧಗಳು ಕ್ಷಯದ ರೋಗಾಣುವನ್ನೂ ತಾತ್ಕಾಲಿಕವಾಗಿ ಅಡಗಿಸಬಲ್ಲವು. ಆದ್ದರಿಂದ ಕ್ಷಯ ಮರುಕಳಿಸಿಲ್ಲವೆಂದು ನೋಡಿಕೊಂಡೇ ಅವನ್ನು ಆರಂಭಿಸಬೇಕು. ಹಿಂದೆ ಕ್ಷಯವಿದ್ದವರ ಕಫದಲ್ಲಿ ಸತ್ತ ರೋಗಾಣುಗಳ ಅಂಶವೂ ಸಿಬಿನ್ಯಾಟ್ ಯಂತ್ರಕ್ಕೆ ಸಿಗಬಹುದಾದ್ದರಿಂದ ಅದರ ಫಲಿತಾಂಶವೊಂದನ್ನೇ ನಂಬದೆ ಕ್ಷಯದ ಕಲ್ಚರ್ ಕೂಡ ಬೇಕಾಗುತ್ತದೆ.

ಉಲ್ಬಣದ ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ಮೂರು ದಿನದ ಮಾತ್ರೆಗೆ ಈ ತಾಯಿಯ ಜ್ವರ ಮರಳುತ್ತಿದ್ದುದರ ಗುಟ್ಟು ಇಲ್ಲಿದೆ. ಕಫ ಪೂರ್ತಿ ನಿಲ್ಲಬೇಕೆಂದು ಕಾಯಬೇಕಾಗಿಲ್ಲ. ನಿತ್ಯದ ಅರ್ಧ ಲೋಟಕ್ಕೂ ನಿತ್ಯದ ಬಣ್ಣಕ್ಕೂ ಇಳಿದರೆ ವಾಸಿಯಾದಂತೆ. ಈ ದಿನಗಳಲ್ಲಿ ಕಫ ತೆಗೆಯುವ ಕೆಲಸವನ್ನು ಹೆಚ್ಚಿಸಬೇಕೇ ಹೊರತು ಬಿಡಬಾರದು. ನಿಯಮದಿಂದ ಇಷ್ಟೆಲ್ಲ ಮಾಡಿದರೂ ವರ್ಷಕ್ಕೆ ಮೂರು ಸಲ ಉಲ್ಬಣಿಸಿದರೆ, ತಜ್ಞರು ತಿಂಗಳುಗಟ್ಟಲೆ ಅಜಿತ್ರೊಮೈಸಿನ್ ಕೊಡುವುದನ್ನು ಆಲೋಚಿಸುತ್ತಾರೆ. ಅದಕ್ಕೆ ಮೊದಲು ಇ.ಸಿ.ಜಿ., ಕಿವಿಯ ಪರೀಕ್ಷೆ ಹಾಗೂ ಕ್ಷಯದ ಜಾತಿಯ ಇತರ ರೋಗಾಣುಗಳಿಗಾಗಿ ಕಫ ಪರೀಕ್ಷೆ ಆಗಬೇಕು.

ಕಫದಲ್ಲಿ ರಕ್ತದ ಎಳೆ ಕಂಡರೆ ವೈದ್ಯರಿಗೆ ತಿಳಿಸಬೇಕು. ಒಂದು ಚಿಕ್ಕ ಬಟ್ಟಲಿನಷ್ಟು ರಕ್ತ ಬಂದರೆ ಅಥವಾ ಬರುವುದು ನಿಲ್ಲದಿದ್ದರೆ ಊದುವುದನ್ನು, ಮಗ್ಗುಲು ಬದಲಿಸಿ ಕಫ ಇಳಿಸುವುದನ್ನು ಒಡನೆಯೇ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೆ ರೋಗವಿರುವ ಪಕ್ಕವೇ ಕೆಳಗಾಗುವಂತೆ, ಅಂದರೆ ನಮ್ಮ ಈ ತಾಯಿಯನ್ನಾದರೆ ಎಡ ಮಗ್ಗುಲಿಗೆ, ಮಲಗಿಸಬೇಕು. ಒಳ್ಳೆಯ ಶ್ವಾಸಕೋಶಕ್ಕೆ ರಕ್ತ ಹರಿದು ಉಸಿರು ಕಟ್ಟುವುದು ಇದರಿಂದ ತಪ್ಪುತ್ತದೆ.