ಸಾಲ ಕೊಟ್ಟವನು ಯಾರು?

ಧಾರವಾಡದಿಂದ ಕಿತ್ತೂರಿನ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ನನಗೆ, ತಿಂಗಳ ಮೊದಲ ವಾರ ಕಳೆದ ಮೇಲೆ ಕೈಸೇರುವ ಪಗಾರವು ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಕರಗಿಹೋಗುವ ಪರಿಯು ಪರಿಚಿತವಾದುದೇ ಆಗಿದೆ. ಆ ಬಳಿಕದ ದಿನಗಳ ಕೊರತೆಯನ್ನು ಹಿಂದೆ ಕಿರಾಣಿ ಅಂಗಡಿಯ ಉದ್ರಿಯೋ, ಕೈಗಡವೋ ತುಂಬುತ್ತಿದ್ದಿತು. ಈಗ ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳು ಆ ಸ್ಥಾನವನ್ನು ಆಕ್ರಮಿಸಿಕೊಂಡಿವೆ.

ಒಂದು ದಿನ ಅಪರಿಚಿತ ಸಂಖ್ಯೆಯೊಂದರಿಂದ ನನ್ನ ವಾಟ್ಸಾಪಿಗೆ, ನಮ್ಮಲ್ಲಿ ಗುತ್ತಿಗೆಯ ಮೇಲೆ ದುಡಿಯುವ ತರುಣನೊಬ್ಬನ ಭಾವಚಿತ್ರವೂ ಅದರ ಕೆಳಗೆ ‘ಕಳ್ಳ, ಸಾಲ ತಗೊಂಡು ಓಡಿಹೋಗಿದ್ದಾನೆ’ ಎಂಬ ಬರಹವೂ ಬಂದುವು. ನಾನು ಅವನ ಜಾಮೀನುದಾರನಲ್ಲ. ಅವನ ಮೊಬೈಲಿನಲ್ಲಿ ನನ್ನ ಸಂಖ್ಯೆ ಇದ್ದಿತೆಂಬುದಷ್ಟೇ ಕಾರಣ. ಕರೆದು ವಿಚಾರಿಸಿದಾಗ ಅವನು ತಲೆತಗ್ಗಿಸಿ, “ಸಾಹೇಬ್ರ, ಯಾರ ಕೊಟ್ಟಾರ ಅಂತ ಖರೇನ ಗೊತ್ತಿಲ್ರಿ. ರೊಕ್ಕ ಬಂತು, ಅಷ್ಟ ಗೊತ್ತು” ಎಂದನು. ಈ ವ್ಯವಹಾರದ ಸಮಸ್ತ ರಹಸ್ಯವೂ ಆ ಒಂದು ಉತ್ತರದಲ್ಲಿ ಅಡಗಿದ್ದಿತೆಂದು ನನಗೆ ಆಮೇಲೆ ತೋರಿತು.

ಲೆಕ್ಕವನ್ನು ಬಿಡಿಸಿ ನೋಡೋಣ. ಪರದೆಯ ಮೇಲೆ ಅವನಿಗೆ ಮಂಜೂರಾದ ಸಾಲ 5,000 ರೂಪಾಯಿ, ‘ಸಂಸ್ಕರಣಾ ಶುಲ್ಕ’ವೆಂದು 1,750 ರೂಪಾಯಿಗಳನ್ನು ಮುರಿದುಕೊಂಡು ಖಾತೆಗೆ ಹಾಕಿದುದು 3,250, ಏಳನೆಯ ದಿನ ಮರಳಿಸಬೇಕಾದುದು ಪೂರ್ತಿ 5,000. ಕೈಗೆ ಬಂದ ಹಣಕ್ಕೆ ವಾರವೊಂದರಲ್ಲಿ ನೂರಕ್ಕೆ ಸುಮಾರು 54ರಂತೆ ಬಿದ್ದ ಈ ಬಡ್ಡಿಯನ್ನು ವರ್ಷಕ್ಕೆ ಹರಡಿದರೆ ಚಕ್ರಬಡ್ಡಿಯಿಲ್ಲದೆಯೇ ನೂರಕ್ಕೆ 2,800ನ್ನು ಮುಟ್ಟುತ್ತದೆ. ತಿಂಗಳಿಗೆ ನೂರಕ್ಕೆ ಹತ್ತರಂತೆ ಕೀಳುವ ಬಡ್ಡಿವ್ಯಾಪಾರಿಯ ದರವೂ ವರ್ಷಕ್ಕೆ 120ನ್ನು ದಾಟುವುದಿಲ್ಲ. ತಿಂಗಳಿಗೊಮ್ಮೆ ಪಗಾರ ಪಡೆಯುವವನು ಏಳು ದಿನಗಳಲ್ಲಿ ಇಡೀ ಹಣವನ್ನು ಹೊಂದಿಸಲಾರನೆಂಬುದು ಕೊಟ್ಟವನಿಗೆ ಗೊತ್ತಿಲ್ಲದುದೇನೂ ಅಲ್ಲ; ಅವನ ಲಾಭವಿರುವುದೇ ಅಲ್ಲಿ. ಗಡುವನ್ನು ಇನ್ನೊಂದು ವಾರ ಮುಂದೂಡಲು ಮತ್ತೆ 1,750 ಕಟ್ಟೆಂದರು. ನಮ್ಮ ತರುಣನು ಹೀಗೆ ಮೂರು ಬಾರಿ ಕಟ್ಟಿ, 3,250 ಪಡೆದುದಕ್ಕೆ 5,250 ತೆತ್ತು, ಆ ಬಳಿಕವೂ 5,000 ರೂಪಾಯಿಗಳ ಋಣಿಯಾಗಿಯೇ ಉಳಿದನು.

ಕಾನೂನುಬದ್ಧ ಸಾಲದ ಕ್ರಮವೇ ಬೇರೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿ, 2025ರ ಮೇ ತಿಂಗಳಲ್ಲಿ ಪರಿಷ್ಕರಿಸಿದ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ, ಆ್ಯಪು ಕೇವಲ ಮಧ್ಯವರ್ತಿ. ಸಾಲ ಕೊಡುವುದು ನೋಂದಾಯಿತ ಬ್ಯಾಂಕು ಅಥವಾ ಬ್ಯಾಂಕೇತರ ಹಣಕಾಸು ಸಂಸ್ಥೆ. ಅದರ ಹೆಸರನ್ನು ತಿಳಿಸಬೇಕು. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಮುಖ್ಯ ಸಂಗತಿಗಳ ಪತ್ರವೊಂದರಲ್ಲಿ ಮೊದಲೇ ಕೊಡಬೇಕು. ಹಣವು ಆ ಸಂಸ್ಥೆಯ ಖಾತೆಯಿಂದಲೇ ಸಾಲಗಾರನ ಖಾತೆಗೆ ಬಂದು, ಮರುಪಾವತಿಯೂ ಆ ಸಂಸ್ಥೆಗೇ ಹೋಗಬೇಕು. ಮೊಬೈಲಿನಲ್ಲಿರುವ ಸಂಪರ್ಕಪಟ್ಟಿ, ಕರೆಗಳ ವಿವರ, ಚಿತ್ರಗಳು ಇವುಗಳನ್ನು ಮುಟ್ಟುವ ಅಧಿಕಾರ ಆ್ಯಪಿಗಿಲ್ಲ. ಆದುದರಿಂದ ‘ಸಂಪರ್ಕಗಳಿಗೆ ಅನುಮತಿ ಕೊಡಿ’ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿದೊಡನೆಯೇ ಆ ವ್ಯವಹಾರವನ್ನು ಅಲ್ಲಿಗೇ ಕೈಬಿಡಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಖೊಟ್ಟಿ ಆ್ಯಪುಗಳು ನಿಜವಾದ ಹಣಕಾಸು ಸಂಸ್ಥೆಯೊಂದರ ಹೆಸರನ್ನೇ ಕದ್ದು ಬರೆದುಕೊಳ್ಳುವುದುಂಟು; ಹೆಸರು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಸಿಕ್ಕಿತೆಂದು ಹಿಗ್ಗಬಾರದು. ಆ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಈ ಆ್ಯಪು ತನ್ನದೆಂದು ಹೇಳಿದೆಯೇ ಎಂಬುದನ್ನು ನೋಡಬೇಕು. ಸಂಸ್ಥೆಗಳು ತಮ್ಮ ಆ್ಯಪುಗಳನ್ನು ವರದಿ ಮಾಡಿರುವ ಪಟ್ಟಿಯೊಂದು 2025ರಿಂದ ರಿಸರ್ವ್ ಬ್ಯಾಂಕಿನ ತಾಣದಲ್ಲಿಯೂ ಇದೆ. ಆದರೆ ಅದು ಸಂಸ್ಥೆಗಳು ತಾವೇ ಒಪ್ಪಿಸಿದ ವಿವರ, ಬ್ಯಾಂಕು ಪರೀಕ್ಷಿಸಿ ಒತ್ತಿದ ಮುದ್ರೆಯಲ್ಲ. ನಮ್ಮ ತರುಣನ ಬ್ಯಾಂಕ್ ಖಾತೆಯ ವಿವರಪಟ್ಟಿಯಲ್ಲಂತೂ ಹಣ ಹಾಕಿದವರ ಹೆಸರು ಯಾವುದೋ ‘ಟ್ರೇಡರ್ಸ್’ ಎಂದಿದ್ದಿತು. ಪ್ರತಿಸಲದ ಪಾವತಿಯೂ ಹೊಸ ಯುಪಿಐ ವಿಳಾಸಕ್ಕೆ ಹೋಗಿದ್ದಿತು. ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಇನ್ನೊಂದಿಲ್ಲ.

ಪೀಡನೆಯು ಗಡುವಿಗೆ ಮುನ್ನವೇ, ಆರನೆಯ ದಿನದಿಂದಲೇ, ಮೊದಲಾಯಿತು. ಮೊದಲು ದಿನವಿಡೀ ಬೇರೆ ಬೇರೆ ಸಂಖ್ಯೆಗಳಿಂದ ಕರೆಗಳು. ಆಮೇಲೆ ನ್ಯಾಯಾಲಯದ ಮೊಹರನ್ನು ಅಂಟಿಸಿದ ಸುಳ್ಳು ನೋಟೀಸು. ಕಟ್ಟಕಡೆಗೆ, ಅನುಮತಿ ಪಡೆದ ಕ್ಷಣದಲ್ಲಿಯೇ ನಕಲಿಸಿಟ್ಟುಕೊಂಡಿದ್ದ ಸಂಪರ್ಕಪಟ್ಟಿಯನ್ನು ಹಿಡಿದು ಅವನ ಸೋದರಮಾವನಿಂದ ಮೊದಲ್ಗೊಂಡು ಗುತ್ತಿಗೆದಾರನವರೆಗೆ ಎಲ್ಲರಿಗೂ ಸಂದೇಶಗಳು. ಅವನ ಹೆಂಡತಿಯ ಮುಖವನ್ನು ಅಶ್ಲೀಲ ಚಿತ್ರಕ್ಕೆ ಜೋಡಿಸಿ ಹಂಚುವೆವೆಂಬ ಬೆದರಿಕೆಯನ್ನೂ ಹಾಕಿದರು. ನೋಂದಾಯಿತ ಸಂಸ್ಥೆಯ ವಸೂಲಿದಾರನಾದರೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಕರೆಯಕೂಡದು, ಬಂಧುಮಿತ್ರರನ್ನು ಪೀಡಿಸಕೂಡದು. ‘ಸಿಬಿಲ್ ಕೆಡಿಸುತ್ತೇವೆ’ ಎಂಬ ಇವರ ಗರ್ಜನೆಯೂ ಪೊಳ್ಳು. ನೋಂದಣಿಯೇ ಇಲ್ಲದವನು ಸಿಬಿಲ್ ಸಂಸ್ಥೆಗೆ ಯಾರ ವಿವರವನ್ನೂ ಕೊಡಲಾರನು.

ಇನ್ನು ದೂರಿನ ವಿಚಾರ. ಸಾಲ ಕೊಟ್ಟವನಾರೆಂಬ ಪ್ರಶ್ನೆಯೇ ಇಲ್ಲಿಯೂ ದಾರಿಯನ್ನು ಒಡೆಯುತ್ತದೆ. ಕೊಟ್ಟವನು ನೋಂದಾಯಿತನಾದರೆ ಮೊದಲು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ಎಂಬಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನನಿಗೆ ದೂರಿಡಬಹುದು. ಅನಾಮಧೇಯನಾದರೆ ಆ ಬಾಗಿಲು ತೆರೆಯದು. ಅಂಥವನ ಮೇಲೆ ಒಂಬುಡ್ಸ್‌ಮನ್ನನಿಗೆ ಅಧಿಕಾರವಿಲ್ಲ. ಅದು sachet.rbi.org.in ಎಂಬ ತಾಣಕ್ಕೂ, ಅದಕ್ಕಿಂತ ಮುಖ್ಯವಾಗಿ ಪೊಲೀಸರಿಗೂ ಹೋಗಬೇಕಾದ ದೂರು. 1930 ಎಂಬ ದೂರವಾಣಿಯು ವಂಚನೆಯಿಂದ ಈಗತಾನೆ ಹೋದ ಹಣವನ್ನು ಮಾರ್ಗದಲ್ಲಿ ತಡೆಹಿಡಿಯಲು ಇರುವುದು; ವಾರಗಳ ಹಿಂದೆ ಕಟ್ಟಿದ ಹಣಕ್ಕೆ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಬೆದರಿಕೆಗೂ ಚಿತ್ರಗಳಿಗೂ cybercrime.gov.in ಎಂಬ ತಾಣ ಮತ್ತು ಸೈಬರ್ ಅಪರಾಧಗಳನ್ನು ನೋಡುವ ಸಿ.ಇ.ಎನ್. ಠಾಣೆ ಇವೆ. ‘ಇದು ನಮ್ಮ ಹದ್ದಿನದಲ್ಲ’ ಎಂದು ಬೇರೆ ಠಾಣೆಯವರು ಹೇಳಿದರೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ಬರೆದುಕೊಳ್ಳಬೇಕೆಂದು ವಿನಯದಿಂದ ನೆನಪಿಸಬಹುದು.

ದೂರಿನ ಬೆಲೆಯು ಅದರೊಡನೆ ಇಡುವ ಪುರಾವೆಯಲ್ಲಿದೆ. ಹೆದರಿದವನು ಮೊದಲು ಮಾಡುವುದು ಆ್ಯಪನ್ನು ಅಳಿಸುವುದು. ಅದರಿಂದ ಅವರು ಈಗಾಗಲೇ ಒಯ್ದ ಹೆಸರುಗಳು ಮರಳುವುದಿಲ್ಲ, ನಮ್ಮ ಕೈಯ ಸಾಕ್ಷಿ ಮಾತ್ರ ಹೋಗುತ್ತದೆ. ಸಾಲದ ಪುಟ, ಬೆದರಿಕೆಯ ಸಂದೇಶಗಳು, ಕರೆಗಳ ಸಂಖ್ಯೆಗಳು ಇವುಗಳ ಚಿತ್ರ ತೆಗೆದಿಟ್ಟು, ಪ್ರತಿ ಪಾವತಿಯ ಯುಟಿಆರ್ ಸಂಖ್ಯೆಯಿರುವ ಬ್ಯಾಂಕ್ ಖಾತೆಯ ವಿವರಪಟ್ಟಿಯನ್ನು ಪಡೆದು, ಸ್ವಯಂಪಾವತಿಗೆ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ರದ್ದುಮಾಡಿಸಿದ ಮೇಲೆಯೇ ಅಳಿಸಬೇಕು. ಯುಟಿಆರ್‌ಗೆ ಇಷ್ಟು ಮಹತ್ವವೇಕೆಂಬುದಕ್ಕೆ 2022ರ ಸೆಪ್ಟೆಂಬರಿನ ಬೆಂಗಳೂರಿನ ಪ್ರಕರಣವೇ ನಿದರ್ಶನ: ಜಾರಿ ನಿರ್ದೇಶನಾಲಯವು ಅಲ್ಲಿ ಆರು ಕಡೆ ಶೋಧಿಸಿ, ಚೀನೀಯರ ಹತೋಟಿಯಲ್ಲಿದ್ದ ಸಾಲದ ಆ್ಯಪುಗಳಿಗೆ ಸೇರಿದ ಸುಮಾರು 17 ಕೋಟಿ ರೂಪಾಯಿಗಳನ್ನು ವಶಪಡಿಸಿಕೊಂಡಿತು. ನಾಮಮಾತ್ರದ ಭಾರತೀಯ ನಿರ್ದೇಶಕರನ್ನೂ ಸುಳ್ಳು ವಿಳಾಸಗಳನ್ನೂ ಮುಂದಿಟ್ಟು ನಡೆದಿದ್ದ ಆ ಜಾಲದ ತನಿಖೆಗೆ ಆಧಾರವಾದುವು ಬೆಂಗಳೂರಿನ ಸೈಬರ್ ಠಾಣೆಯಲ್ಲಿ ದಾಖಲಾಗಿದ್ದ 18 ಎಫ್‌ಐಆರ್‌ಗಳು. ವಸೂಲಿಗಾರನ ಹೆಸರು ಸುಳ್ಳಾಗಬಹುದು, ಸಂಖ್ಯೆ ಬದಲಾಗಬಹುದು. ಹಣವು ಹಾದುಹೋದ ಖಾತೆ ಮಾತ್ರ ಬ್ಯಾಂಕಿನ ಕಡತದಲ್ಲಿ ಉಳಿಯುತ್ತದೆ.

ನಮ್ಮ ತರುಣನು ಪಾಳಿ ಮುಗಿಸಿ ಬಂದು, ನನ್ನ ಮೇಜಿನ ಎದುರಿಗೇ ಕುಳಿತು, ಮೊದಲು ತನ್ನ ಬಂಧುಗಳಿಗೆಲ್ಲ ‘ನನ್ನ ಮೊಬೈಲಿನ ಹೆಸರುಗಳು ಕಳುವಾಗಿವೆ, ನನ್ನ ಬಗ್ಗೆ ಏನು ಬಂದರೂ ತೆರೆಯದೆ ನನಗೆ ತಿಳಿಸಿರಿ’ ಎಂದು ಒಂದೇ ಸಂದೇಶವನ್ನು ಕಳುಹಿಸಿದನು. ಬೆದರಿಕೆಯ ಅರ್ಧ ಬಲ ಅಲ್ಲಿಯೇ ಕುಸಿಯಿತು. ಗುಟ್ಟು ರಟ್ಟಾಗುವ ಭಯವೊಂದೇ ಅವರ ಬಂಡವಾಳವಾಗಿದ್ದಿತಷ್ಟೆ. ದೂರು ದಾಖಲಾಗಿ ಸ್ವೀಕೃತಿ ಸಂಖ್ಯೆ ಬಂದ ಮೇಲೆಯೂ ಕೆಲವು ದಿನ ಕರೆಗಳು ಬಂದುವು, ಅವನು ಎತ್ತಲಿಲ್ಲ, ಹಣವನ್ನೂ ಕಟ್ಟಲಿಲ್ಲ; ಬರಬರುತ್ತ ಅವು ನಿಂತುವು. ತೆತ್ತ 5,250 ರೂಪಾಯಿಗಳು ಮಾತ್ರ ಇದುವರೆಗೆ ಮರಳಿಲ್ಲ.