ತಡವಾದರೆ ಮೂರು ಸಾವಿರ, ಕಡಿಮೆ ಬರೆದರೆ ಹದಿನೈದು ಲಕ್ಷ

ನಾಸಿಕ್‌ನ ಅಂಬಡದಲ್ಲಿ ಒಂದು ಗೋದಾಮು, ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಇನ್ನೊಂದು. ಬೆಳಗಾವಿ ಕಡೆಯ ವಾಹನ ಬಿಡಿಭಾಗಗಳ ಸಗಟು ವ್ಯಾಪಾರಿಯೊಬ್ಬರ ವ್ಯವಹಾರ ಹೀಗಿದೆ ಎಂದುಕೊಳ್ಳೋಣ. ಸರಕು ಎರಡರ ನಡುವೆ ಓಡಾಡುತ್ತಲೇ ಇರುತ್ತದೆ. ಅದಕ್ಕಾಗಿ ಅವರು 4 ಕೋಟಿ ರೂಪಾಯಿಯ ಫ್ಲೋಟರ್ ಡಿಕ್ಲರೇಶನ್ ಬೆಂಕಿ ವಿಮೆ ಮಾಡಿಸಿದ್ದಾರೆ. ವಾರ್ಷಿಕ ಪ್ರೀಮಿಯಂ 80,000 ರೂ.

ಹಳೆಯ ಅಖಿಲ ಭಾರತ ಅಗ್ನಿ ವಿಮಾ ಸುಂಕದ ನಿಯಮಗಳೇ ಈ ಪಾಲಿಸಿಯ ಮೂಲ. ನಿಮ್ಮ ಪಾಲಿಸಿಯ ಷರತ್ತು ಬೇರೆ ಇರಬಹುದು, ಒಮ್ಮೆ ತೆಗೆದು ನೋಡಿ. ಮೂಲ ನಿಯಮದಂತೆ ಒಂದು ತಿಂಗಳ ದಾಸ್ತಾನು ಘೋಷಣೆ ಮುಂದಿನ ತಿಂಗಳ ಕೊನೆಯ ದಿನದೊಳಗೆ ವಿಮಾ ಕಂಪನಿಗೆ ತಲುಪಬೇಕು. ಪತ್ರದಲ್ಲಿ ಪಾಲಿಸಿ ಸಂಖ್ಯೆ, ತಿಂಗಳು, ಎರಡೂ ಗೋದಾಮಿನ ವಿಳಾಸ, ಪ್ರತ್ಯೇಕ ಮೌಲ್ಯ ಮತ್ತು ಒಟ್ಟು ಮೊತ್ತ ಇರಲಿ. ಆ ಮೊತ್ತ ದಿನದ ಸರಾಸರಿಯೋ, ತಿಂಗಳ ಗರಿಷ್ಠವೋ ಎಂದು ಹೇಳಿ. ಲೆಕ್ಕ ಮಾರುಕಟ್ಟೆ ಬೆಲೆಯಲ್ಲಿರಬೇಕು. ಇಮೇಲ್ ಕಳಿಸಿ, ಇಲ್ಲವೇ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ತಡವಾದರೆ ಯಾರೂ ದಂಡದ ರಸೀದಿ ಕಳಿಸುವುದಿಲ್ಲ. ಆ ತಿಂಗಳು ನೀವು ಪೂರ್ತಿ 4 ಕೋಟಿ ಘೋಷಿಸಿದಿರಿ ಎಂದೇ ಕಂಪನಿ ಹಿಡಿಯುತ್ತದೆ. ವರ್ಷದ ಸರಾಸರಿ 3.40 ಕೋಟಿ ಇದ್ದರೆ 12,000 ರೂ. ಮರಳಿ ಬರಬೇಕು. ತಿಂಗಳಿಗೆ 3.40 ಕೋಟಿಯಂತೆ ಒಂಬತ್ತು ಪತ್ರ ಸಮಯಕ್ಕೆ ಹೋಗಿ, ಮೂರು ತಡವಾದವು ಎನ್ನಿ. ಸರಾಸರಿ 3.55 ಕೋಟಿಗೆ ಏರುತ್ತದೆ, ಮರುಪಾವತಿ 9,000ಕ್ಕೆ ಇಳಿಯುತ್ತದೆ. ನಷ್ಟ 3,000. ಅಷ್ಟಕ್ಕೂ ಫ್ಲೋಟರ್ ಡಿಕ್ಲರೇಶನ್‌ನಲ್ಲಿ ಪ್ರೀಮಿಯಂನ ಶೇ. 80ರಷ್ಟನ್ನು ಕಂಪನಿ ಉಳಿಸಿಕೊಳ್ಳುತ್ತದೆ. ಹಾಗಾಗಿ ಸರಾಸರಿ ಎಷ್ಟೇ ಇಳಿದರೂ 16,000ಕ್ಕಿಂತ ಹೆಚ್ಚು ಕೈಗೆ ಬರುವುದಿಲ್ಲ.

ಆದ್ದರಿಂದ ತಡವಾಯಿತೆಂದು ಗಾಬರಿಯಿಂದ ಹಿಂದಿನ ತಾರೀಖು ಹಾಕಿ ಅಂದಾಜು ಅಂಕಿ ಬರೆಯುವುದು ಶುದ್ಧ ಮೂರ್ಖತನ. ದೊಡ್ಡ ಪೆಟ್ಟು ಕಡಿಮೆ ಬರೆದಾಗ ಬೀಳುತ್ತದೆ. ಅವಘಡಕ್ಕೆ ಮುಂಚಿನ ಕೊನೆಯ ಘೋಷಣೆಯಲ್ಲಿ 4 ಕೋಟಿ ಬರೆಯಬೇಕಿದ್ದ ವ್ಯಾಪಾರಿ 3 ಕೋಟಿ ಬರೆದರು ಎನ್ನಿ. ವಾಳೂಜ್ ಗೋದಾಮಿನಲ್ಲಿ 60 ಲಕ್ಷದ ಸರಕು ಸುಟ್ಟರೆ ಪರಿಹಾರ ಅದೇ ಪ್ರಮಾಣದಲ್ಲಿ ಕುಗ್ಗಿ 45 ಲಕ್ಷವಾಗುತ್ತದೆ. ಸರ್ವೇಯರ್ ಇದನ್ನು ಹಿಡಿಯುವುದು ಸುಲಭ. ಕ್ಯಾಶ್ ಕ್ರೆಡಿಟ್‌ಗಾಗಿ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟನ್ನು ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ ಬರೆಯುವ ಅಭ್ಯಾಸ ಎಷ್ಟೋ ಅಂಗಡಿಗಳಲ್ಲಿದೆ.

ಮೂರನೆಯ ಗೋದಾಮು ಹಿಡಿದರೆ ತಿಂಗಳ ಪತ್ರದಲ್ಲಿ ಸೇರಿಸಿಬಿಟ್ಟರೆ ಸಾಲದು. ಅದರ ವಿಳಾಸ ಮೊದಲು ಪಾಲಿಸಿಗೆ ಸೇರಬೇಕು.

ಕಂಪನಿ ಲೆಕ್ಕ ತಪ್ಪಿಸಿದೆ ಅನ್ನಿಸಿದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಏಕಮಾಲೀಕತ್ವದ ವ್ಯಾಪಾರಿ ಪುಣೆಯ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು.