ರಫ್ತು ಕರಾರಿನ ಕೊನೆಯ ಎರಡು ಕಲಮು: ಕನ್ನಡಕ್ಕೆ ತರುವಾಗ ತಪ್ಪುವ ನಾಲ್ಕು ಮಾತು



ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಗಾರನ ಕೆಲಸ ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿಗೆ ಒಪ್ಪಿಸಿ ರಸೀದಿ ಪಡೆಯುವಲ್ಲಿಗೆ ಮುಗಿಯುತ್ತಿತ್ತು. ಹೊರದೇಶದ ಗಿರಾಕಿಯೊಡನೆ ಕರಾರು ಮಾಡುವ ತಲೆನೋವು ನಮ್ಮದಾಗಿರಲಿಲ್ಲ. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರನು ತನ್ನ ಕಾಫಿಯನ್ನೆಲ್ಲ ತಾನೇ ಮಾರಬಹುದಾಯಿತು. ಸ್ವಾತಂತ್ರ್ಯದ ಜೊತೆಗೆ ಕಾಗದಪತ್ರವೂ ಬಂತು. ಈಗ ಸಹಕಾರ ಸಂಘವೊಂದು ಹೊರದೇಶಕ್ಕೆ ಮಾಲು ಕಳಿಸುವುದಾದರೆ ಇಂಗ್ಲಿಷಿನ ಕರಾರಿಗೆ ಸಹಿ ಹಾಕಬೇಕು. ಆಡಳಿತ ಮಂಡಳಿಯ ಸದಸ್ಯರು ಅದನ್ನು ಕನ್ನಡದಲ್ಲಿ ಕೇಳಿ ಒಪ್ಪಿಗೆ ಕೊಡಬೇಕು. ಧಾರಣೆ, ತೇವಾಂಶ, ಹಡಗಿನ ತಿಂಗಳು ಇವುಗಳನ್ನು ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ಕೊನೆಯ ಎರಡು ಕಲಮು ಬರುವಷ್ಟರಲ್ಲಿ ಚಹಾ ಬಂದಿರುತ್ತದೆ. ತಂಟೆ ಹುಟ್ಟಿದ ದಿನ ಕೆಲಸಕ್ಕೆ ಬರುವುದು ಆ ಎರಡೇ ಕಲಮು. ಆದ್ದರಿಂದ ಈ ಸಂಚಿಕೆಯಲ್ಲಿ ಅವನ್ನು ಕನ್ನಡಕ್ಕೆ ತರುವ ಬಗೆಯನ್ನಷ್ಟೇ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಂಘವೊಂದು ಒಂದು ಕಂಟೇನರ್ ರೊಬಸ್ಟಾ ಕಾಫಿಯನ್ನು, ಅಂದರೆ 60 ಕಿಲೋದ 320 ಚೀಲಗಳನ್ನು, ಯುರೋಪಿನ ಗಿರಾಕಿಗೆ ಮಾರುತ್ತದೆ. ಕರಾರಿನ ಕೊನೆಯಲ್ಲಿರುವುದನ್ನು ಗುಮಾಸ್ತರು ಸಭೆಗೆ ಹೀಗೆ ಕನ್ನಡ ಮಾಡಿ ಓದುತ್ತಾರೆ:

"ಈ ಕರಾರಿಗೆ ಇಂಗ್ಲೆಂಡಿನ ಕಾನೂನು ಅನ್ವಯಿಸುತ್ತದೆ. ತಕರಾರು ಬಂದಲ್ಲಿ ಮಧ್ಯಸ್ಥಿಕೆಗೆ ಒಪ್ಪಿಸಬಹುದು. ಸ್ಥಳ ಲಂಡನ್. ಲಂಡನ್ ಕೋರ್ಟುಗಳಿಗೆ ಅಧಿಕಾರವಿರುತ್ತದೆ."

ಕೇಳಲು ಸರಾಗವಾಗಿದೆ. ಮೊದಲ ವಾಕ್ಯ ಸರಿಯಾಗಿಯೂ ಇದೆ. ಉಳಿದ ಮೂರರಲ್ಲಿ ನಾಲ್ಕು ಕಡೆ ಮೂಲದ ಅರ್ಥ ಸೋರಿಹೋಗಿದೆ.

ಮೊದಲನೆಯದು 'ಮಧ್ಯಸ್ಥಿಕೆ'. ಇಂಗ್ಲಿಷಿನಲ್ಲಿ ಆರ್ಬಿಟ್ರೇಷನ್ ಬೇರೆ, ಮೀಡಿಯೇಷನ್ ಬೇರೆ. ಮೀಡಿಯೇಷನ್ನಿನಲ್ಲಿ ನಡುವೆ ಕೂತವನು ರಾಜಿ ಮಾಡಿಸಲು ನೋಡುತ್ತಾನೆ. ಒಪ್ಪಿದರೆ ಸರಿ, ಒಪ್ಪದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಷನ್ನಿನಲ್ಲಿ ಕೂತವನು ತೀರ್ಪು ಕೊಡುತ್ತಾನೆ, ಅದು ನಮ್ಮನ್ನು ಕಟ್ಟಿಹಾಕುತ್ತದೆ. ಕನ್ನಡದ ಕಡತಗಳಲ್ಲಿ ಎರಡಕ್ಕೂ 'ಮಧ್ಯಸ್ಥಿಕೆ' ಎಂದೇ ಬರೆಯುವ ರೂಢಿ ಬೆಳೆದಿದೆ. 2023ರಲ್ಲಿ ಮೀಡಿಯೇಷನ್ನಿಗೇ ಪ್ರತ್ಯೇಕ ಕಾಯಿದೆ ಬಂದ ಮೇಲಂತೂ ಈ ಗೊಂದಲವನ್ನು ಉಳಿಸಿಕೊಳ್ಳಲು ಕಾರಣವಿಲ್ಲ. ನಮ್ಮ ಹಳ್ಳಿಗಳಲ್ಲಿ 'ಪಂಚರು ಕೂತು ಫೈಸಲು ಮಾಡಿದರು' ಎಂಬ ಮಾತಿದೆಯಲ್ಲ, ಆರ್ಬಿಟ್ರೇಷನ್ನಿಗೆ ಅದೇ ಹತ್ತಿರದ್ದು. ನಾನು 'ಪಂಚರ ತೀರ್ಪು' ಎಂದು ಬರೆದು, 'ಅಂತಿಮ ಮತ್ತು ಉಭಯ ಪಕ್ಷಗಳಿಗೂ ಬದ್ಧ' ಎಂಬ ಮಾತನ್ನು ಬಿಡದೆ ಸೇರಿಸುತ್ತೇನೆ. ಮಧ್ಯಸ್ಥಿಕೆ ಎಂದು ಕೇಳಿದ ಸದಸ್ಯನು 'ಮಾತುಕತೆ ಆಗುತ್ತದೆ, ಕೊನೆಗೆ ನಮ್ಮ ಜಿಲ್ಲಾ ಕೋರ್ಟು ಇದ್ದೇ ಇದೆ' ಎಂದುಕೊಂಡು ಕೈ ಎತ್ತಿದರೆ ಅವನ ತಪ್ಪೇನೂ ಇಲ್ಲ.

ಎರಡನೆಯದು 'ಬಹುದು'. ಮೂಲದಲ್ಲಿ 'ಶಲ್' ಇದ್ದಲ್ಲಿ 'ತಕ್ಕದ್ದು' ಎನ್ನಬೇಕು, 'ಮೇ' ಇದ್ದಲ್ಲಿ 'ಬಹುದು' ಎನ್ನಬೇಕು. ಇದನ್ನು ವ್ಯಾಕರಣದ ಹಟ ಎಂದು ತಳ್ಳಿಹಾಕುವಂತಿಲ್ಲ. ಜಗದೀಶ್ ಚಂದರ್ ಮತ್ತು ರಮೇಶ್ ಚಂದರ್ ನಡುವಿನ ಮೊಕದ್ದಮೆಯಲ್ಲಿ, ಪಾಲುದಾರಿಕೆ ಪತ್ರದ ಕಲಮು ತಂಟೆಯನ್ನು 'ಪಕ್ಷಗಳು ಹಾಗೆ ನಿರ್ಧರಿಸಿದಲ್ಲಿ' ಆರ್ಬಿಟ್ರೇಷನ್ನಿಗೆ ಒಪ್ಪಿಸತಕ್ಕದ್ದು ಎಂಬರ್ಥದಲ್ಲಿತ್ತು. ಅದು ಪಂಚರ ಬಳಿ ಹೋಗುವ ಒಪ್ಪಂದವೇ ಅಲ್ಲ, ಮುಂದೆಂದೋ ಒಪ್ಪಂದ ಮಾಡಿಕೊಂಡೇವು ಎಂಬ ಇಂಗಿತ ಮಾತ್ರ ಎಂದು ಸುಪ್ರೀಂ ಕೋರ್ಟು 2007ರಲ್ಲಿ ತೀರ್ಪಿತ್ತಿತು. ಆ ಕಲಮಿನಲ್ಲಿ 'ತಕ್ಕದ್ದು' ಇದ್ದರೂ 'ನಿರ್ಧರಿಸಿದಲ್ಲಿ' ಎಂಬುದು ಅದನ್ನು ನುಂಗಿಹಾಕಿತು. ಹಾಗಾಗಿ ಅನುವಾದ ಮಾಡುವವರು ಕ್ರಿಯಾಪದವನ್ನು ನೋಡಿದರೆ ಸಾಲದು, ಪಕ್ಕದಲ್ಲಿ ಕೂತಿರುವ ಷರತ್ತನ್ನೂ ನೋಡಬೇಕು.

ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು, ಇಲ್ಲಿ ಸ್ವಲ್ಪ ನಿಧಾನಿಸಬೇಕು. 'ಸ್ಥಳ ಲಂಡನ್' ಎಂದು ಓದಿದರಲ್ಲ, ಮೂಲದಲ್ಲಿ ಇದ್ದದ್ದು 'ಸೀಟ್' ಎಂಬ ಮಾತೋ, 'ವೆನ್ಯೂ' ಎಂಬ ಮಾತೋ? ವೆನ್ಯೂ ಎಂದರೆ ವಿಚಾರಣೆಗೆ ಕುರ್ಚಿ ಹಾಕುವ ಜಾಗ. ಸೀಟ್ ಎಂದರೆ ಆ ಪಂಚಾಯ್ತಿ ಕಾನೂನಿನ ಲೆಕ್ಕದಲ್ಲಿ ಯಾವ ದೇಶದ್ದು, ಯಾವ ಊರಿನ ಕೋರ್ಟಿನ ನಿಗಾದಲ್ಲಿದೆ ಎಂಬುದು. ಸೀಟ್ ಲಂಡನ್ ಆದರೆ ಪಂಚರ ತೀರ್ಪನ್ನು ರದ್ದುಪಡಿಸಿ ಎಂದು ಕೇಳಬೇಕಾದದ್ದು ಇಂಗ್ಲೆಂಡಿನ ಕೋರ್ಟನ್ನು. ಪಂಚರು ಎಲ್ಲರ ಅನುಕೂಲಕ್ಕೆ ಬೆಂಗಳೂರಿನ ಹೋಟೆಲಿನಲ್ಲಿ ಕೂತು ಸಾಕ್ಷಿ ಕೇಳಿದ್ದರೂ ಅದು ಬದಲಾಗದು. ಭಾರತದಲ್ಲಿ ಸೀಟ್ ಎಂಬುದೇ ನ್ಯಾಯಾಧಿಕಾರದ ಕೀಲಿ ಎಂಬುದು 2012ರ ಭಾರತ್ ಅಲ್ಯುಮಿನಿಯಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠದಿಂದ ಖಚಿತವಾಯಿತು.

ಇದು ಎಷ್ಟು ಸೂಕ್ಷ್ಮವೆಂದು ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಗಾಳಿಯಂತ್ರ ತಯಾರಿಸುವ ಎನರ್ಕಾನ್ ಎಂಬ ಜರ್ಮನ್ ಕಂಪನಿಗೂ ಅದರ ಭಾರತೀಯ ಪಾಲುದಾರರಿಗೂ ಜಗಳವಾಯಿತು. ಕರಾರಿನಲ್ಲಿ ವೆನ್ಯೂ ಲಂಡನ್ ಎಂದಿತ್ತು. ಜೊತೆಗೆ ಭಾರತದ 1996ರ ಆರ್ಬಿಟ್ರೇಷನ್ ಕಾಯಿದೆ ಅನ್ವಯಿಸತಕ್ಕದ್ದು ಎಂದೂ ಇತ್ತು. 2014ರಲ್ಲಿ ಸುಪ್ರೀಂ ಕೋರ್ಟು ಲಂಡನ್ ಬರೀ ಕೂರುವ ಜಾಗ, ಸೀಟ್ ಭಾರತವೇ ಎಂದಿತು. ಇನ್ನೊಂದು ರೋಜರ್ ಶಶೌವಾ ಮತ್ತು ಮುಕೇಶ್ ಶರ್ಮಾ ಅವರ ಪ್ರಕರಣ. ಅಲ್ಲಿಯೂ ವೆನ್ಯೂ ಲಂಡನ್ ಎಂದೇ ಇತ್ತು. ಕರಾರಿಗೆ ಅನ್ವಯವಾಗುವ ಕಾನೂನು ಭಾರತದ್ದೆಂದೂ ಇತ್ತು. ಆದರೆ ಪಂಚಾಯ್ತಿ ನಡೆಯಬೇಕಾದದ್ದು ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಗಳ ಪ್ರಕಾರ. 2017ರಲ್ಲಿ ಸುಪ್ರೀಂ ಕೋರ್ಟು ಇಲ್ಲಿ ಲಂಡನ್ನೇ ಸೀಟ್ ಎಂದು ಒಪ್ಪಿತು. ಒಂದೇ ಮಾತು, ಒಂದೇ ಊರು, ಫಲ ಎರಡು ಬಗೆ. ಒಂದು ಕಡೆ ಭಾರತದ ಆರ್ಬಿಟ್ರೇಷನ್ ಕಾಯಿದೆಯ ಹೆಸರೇ ಇತ್ತು, ಇನ್ನೊಂದು ಕಡೆ 'ಭಾರತದ ಕಾನೂನು' ಎಂದಷ್ಟೇ ಇತ್ತು. ಕರಾರಿನ ಕಾನೂನು ಕಾಫಿಯ ಗುಣ, ತಡ, ಪರಿಹಾರ ಇವನ್ನು ತೀರ್ಮಾನಿಸುತ್ತದೆ. ಪಂಚಾಯ್ತಿಯ ಕಾನೂನು ಪಂಚರ ಕೆಲಸವನ್ನು ಆಳುತ್ತದೆ. ಅನುವಾದಕರು ಎರಡನ್ನೂ 'ಭಾರತದ ಕಾನೂನು ಅನ್ವಯಿಸುತ್ತದೆ' ಎಂದು ಒಂದೇ ಗೋಣಿಗೆ ತುಂಬಿದರೆ, ಕೋರ್ಟು ಯಾವ ಎಳೆಯನ್ನು ಹಿಡಿದು ತೀರ್ಮಾನಿಸಿತೋ ಅದೇ ಎಳೆ ಕನ್ನಡದಲ್ಲಿ ಕಾಣೆಯಾಗುತ್ತದೆ.

2019ರ ಬಿಜಿಎಸ್ ಎಸ್‌ಜಿಎಸ್ ಸೋಮಾ ತೀರ್ಪಿನಲ್ಲಿ, ವೆನ್ಯೂ ಎಂದು ಒಂದೇ ಊರನ್ನು ಪಂಚಾಯ್ತಿಯ ಇಡೀ ನಡಾವಳಿಗೆ ಹೆಸರಿಸಿದ್ದು, ಬೇರೆ ಬಲವಾದ ಸೂಚನೆ ಇಲ್ಲದಿದ್ದರೆ ಅದನ್ನೇ ಸೀಟ್ ಎಂದು ತಿಳಿಯಬೇಕೆಂದು ಹೇಳಲಾಗಿದೆ. ಹಾಗೆಂದು ಅನುವಾದಕರು ಮುಂದಾಗಿ ವೆನ್ಯೂವನ್ನು ಸೀಟ್ ಮಾಡಬಾರದು. ಅದು ಕೋರ್ಟಿನ ಕೆಲಸ. ಮೂಲದಲ್ಲಿ ಸೀಟ್ ಇದ್ದರೆ ನಾನು 'ಪಂಚಾಯ್ತಿಯ ಕಾನೂನು ನೆಲೆ' ಎನ್ನುತ್ತೇನೆ, ವೆನ್ಯೂ ಇದ್ದರೆ 'ಬೈಠಕ್ಕಿನ ಜಾಗ' ಎನ್ನುತ್ತೇನೆ, ಎರಡೂ ಇಲ್ಲದೆ 'ಆರ್ಬಿಟ್ರೇಷನ್ ಇನ್ ಲಂಡನ್' ಎಂದಷ್ಟೇ ಇದ್ದರೆ 'ಲಂಡನ್ನಿನಲ್ಲಿ ಪಂಚಾಯ್ತಿ' ಎಂದು ಬಿಟ್ಟು, ಇದು ಅಸ್ಪಷ್ಟ, ವಕೀಲರನ್ನು ಕೇಳಬೇಕು ಎಂದು ಅಂಚಿನಲ್ಲಿ ಗುರುತು ಹಾಕುತ್ತೇನೆ.

ನಾಲ್ಕನೆಯದು 'ಅಧಿಕಾರವಿರುತ್ತದೆ'. ಇದರಲ್ಲಿ 'ಮಾತ್ರ' ಎಂಬುದು ಇದೆಯೋ ಇಲ್ಲವೋ? ಝಳಕಿ, ಇಂಡಿ ಕಡೆಯ ಲಿಂಬೆ, ದ್ರಾಕ್ಷಿ ಬೆಳೆಗಾರರಿಗೆ ಈ ಪ್ರಶ್ನೆ ಹೊಸದಲ್ಲ. ಗಡಿಯಾಚೆಯ ಪೇಟೆಗೆ ಮಾಲು ಹಾಕುವವರು ಬಿಲ್ಲಿನ ಕೆಳಗೆ ಇಂಥ ಊರಿನ ಜೂರಿಸ್‌ಡಿಕ್ಷನ್ನಿಗೆ ಒಳಪಟ್ಟಿದೆ ಎಂಬ ಸಣ್ಣ ಅಕ್ಷರವನ್ನು ಎಷ್ಟೋ ಸಲ ನೋಡಿರುತ್ತಾರೆ. ಆ ಸಾಲಿಗೆ ಎಷ್ಟು ಬಲ? ಗುಜರಾತಿನ ಎ.ಬಿ.ಸಿ. ಲ್ಯಾಮಿನಾರ್ಟ್ ಕಂಪನಿ ಸೇಲಂನ ಎ.ಪಿ. ಏಜೆನ್ಸೀಸ್‌ಗೆ ಲೋಹದ ನೂಲು ಮಾರುವ ಕರಾರು ಮಾಡಿತ್ತು. ತಂಟೆಗಳು ಕೈರಾ ಜೂರಿಸ್‌ಡಿಕ್ಷನ್ನಿಗೆ ಒಳಪಟ್ಟಿರತಕ್ಕದ್ದು ಎಂದು ಅದರಲ್ಲಿತ್ತು. ಸೇಲಂನವರು ತಮ್ಮೂರಲ್ಲೇ ದಾವೆ ಹಾಕಿದರು. 1989ರಲ್ಲಿ ಸುಪ್ರೀಂ ಕೋರ್ಟು, 'ಮಾತ್ರ', 'ಏಕೈಕ' ಎಂಬಂಥ ಮಾತಿಲ್ಲದ್ದರಿಂದ ಕೈರಾ ಸೇರಿತೇ ಹೊರತು ಸೇಲಂ ಹೊರಹೋಗಲಿಲ್ಲ ಎಂದಿತು. ಆದರೆ 2013ರಲ್ಲಿ ಸ್ವಸ್ತಿಕ್ ಗ್ಯಾಸಸ್ ಮತ್ತು ಇಂಡಿಯನ್ ಆಯಿಲ್ ಪ್ರಕರಣದಲ್ಲಿ, ಕೋಲ್ಕತ್ತಾ ಕೋರ್ಟುಗಳಿಗೆ ಒಳಪಟ್ಟಿದೆ ಎಂಬ ಕಲಮಿಗೆ 'ಮಾತ್ರ' ಇಲ್ಲದಿದ್ದರೂ ಉಳಿದ ಕೋರ್ಟುಗಳನ್ನು ಬಿಡುವ ಉದ್ದೇಶ ಅದರಲ್ಲೇ ಇದೆ ಎಂದು ಮೂವರ ಪೀಠ ತೀರ್ಮಾನಿಸಿತು. ಆದ್ದರಿಂದ 'ಮಾತ್ರ' ಇಲ್ಲ ಎಂಬ ಧೈರ್ಯದ ಮೇಲೆ ಸಹಿ ಹಾಕುವ ಕಾಲ ಹೋಯಿತು. ಅಷ್ಟಾದರೂ ಮೂಲದಲ್ಲಿ ಇಲ್ಲದ 'ಮಾತ್ರ'ವನ್ನು ಕನ್ನಡದಲ್ಲಿ ಹಾಕಬಾರದು, ಇದ್ದುದನ್ನು ನುಂಗಬಾರದು.

ಈ ನಾಲ್ಕನೆಯ ಸಾಲಿಗೆ ಇನ್ನೊಂದು ಪೇಚಿದೆ. ತೀರ್ಪು ಪಂಚರದ್ದು ಎಂದ ಮೇಲೆ ಕೋರ್ಟಿಗೆ ಅಧಿಕಾರ ಯಾವುದಕ್ಕೆ? ಪಂಚಾಯ್ತಿಯ ಮೇಲಿನ ನಿಗಾ ಮಾತ್ರಕ್ಕೋ, ಮೂಲ ಜಗಳವನ್ನೇ ಕೇಳುವುದಕ್ಕೋ? ಮೂಲದ ಇಂಗ್ಲಿಷಿನಲ್ಲೇ ಇದು ಮಸುಕಾಗಿದ್ದರೆ ಕನ್ನಡದಲ್ಲಿ ತಿಳಿಗೊಳಿಸಲು ಹೋಗದೆ, ಸಹಿಗೆ ಮುಂಚೆ ಗಿರಾಕಿಗೆ ಪತ್ರ ಬರೆದು ಸ್ಪಷ್ಟ ಮಾಡಿಸಿಕೊಳ್ಳುವುದೇ ದಾರಿ.

ಮೂಲದಲ್ಲಿ 'ಶಲ್', 'ಸೀಟ್', 'ಎಕ್ಸ್‌ಕ್ಲೂಸಿವ್' ಎಲ್ಲವೂ ಇದ್ದು, ಕೋರ್ಟಿನ ಪಾತ್ರವೂ ಸ್ಪಷ್ಟವಿದ್ದರೆ ಗುಮಾಸ್ತರು ಓದಬೇಕಾಗಿದ್ದದ್ದು ಹೀಗೆ:

"ಈ ಕರಾರನ್ನು ಇಂಗ್ಲೆಂಡಿನ ಕಾನೂನು ಆಳುತ್ತದೆ. ಈ ಕರಾರಿನಿಂದ ಹುಟ್ಟುವ ಅಥವಾ ಇದಕ್ಕೆ ಸಂಬಂಧಿಸಿದ ಎಲ್ಲ ವ್ಯಾಜ್ಯಗಳನ್ನೂ ಪಂಚರ ತೀರ್ಪಿಗೆ ಒಪ್ಪಿಸತಕ್ಕದ್ದು. ಆ ತೀರ್ಪು ಅಂತಿಮ ಹಾಗೂ ಉಭಯ ಪಕ್ಷಗಳಿಗೂ ಬದ್ಧ. ಪಂಚಾಯ್ತಿಯ ಕಾನೂನು ನೆಲೆ ಲಂಡನ್. ಪಂಚಾಯ್ತಿಯ ಮೇಲಿನ ನಿಗಾ ಇಂಗ್ಲೆಂಡಿನ ಕೋರ್ಟುಗಳಿಗೆ ಮಾತ್ರ."

ಇದನ್ನು ಕೇಳಿದ ಸಭೆ ಖಂಡಿತ ಚಹಾ ಬದಿಗಿಟ್ಟು, ಬೆಂಗಳೂರನ್ನು ನೆಲೆ ಮಾಡಬಾರದೇಕೆ ಎಂದು ಕೇಳುತ್ತದೆ. ಕೇಳಬಹುದು. ಆದರೆ ಕಾಫಿ ವ್ಯಾಪಾರದಲ್ಲಿ ಯುರೋಪಿನ ಗಿರಾಕಿಗಳು ಸಾಮಾನ್ಯವಾಗಿ ತಮ್ಮ ಒಕ್ಕೂಟದ ಮಾದರಿ ಕರಾರನ್ನೇ ಹಿಡಿದು, ಲಂಡನ್ ಅಥವಾ ಹ್ಯಾಂಬರ್ಗಿನಂಥ ಊರನ್ನು ಬರೆಸುತ್ತಾರೆ. ಒಂದು ಕಂಟೇನರಿನ ಮಾರಾಟಗಾರನ ಮಾತು ಅಲ್ಲಿ ಅಷ್ಟಾಗಿ ನಡೆಯದು. ಲಂಡನ್ನಿನ ತೀರ್ಪು ಲಂಡನ್ನಿನಲ್ಲೇ ಉಳಿಯುತ್ತದೆಂದೂ ತಿಳಿಯಬೇಡಿ. 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತ ಸೇರಿರುವುದರಿಂದ, ಗಿರಾಕಿಯು ಅದನ್ನು ಕರ್ನಾಟಕ ಹೈಕೋರ್ಟಿಗೆ ತಂದು ನಮ್ಮ ಸಂಘದ ಆಸ್ತಿಯ ಮೇಲೆ ಜಾರಿ ಮಾಡಿಸಬಹುದು. ಅಲ್ಲಿ ನಾವು ಎತ್ತಬಹುದಾದ ಆಕ್ಷೇಪಣೆಗಳು ಬೆರಳೆಣಿಕೆಯವು. ಕಾಫಿ ಚೆನ್ನಾಗಿಯೇ ಇತ್ತು ಎಂಬ ವಾದ ಅವುಗಳಲ್ಲಿ ಇಲ್ಲ.

ಕನ್ನಡ ಪ್ರತಿಯ ತಲೆಯ ಮೇಲೆ 'ಸದಸ್ಯರ ತಿಳಿವಳಿಕೆಗಾಗಿ ಮಾತ್ರ. ಇಂಗ್ಲಿಷ್ ಪಠ್ಯವೇ ಅಧಿಕೃತ' ಎಂದು ಬರೆದು, ಪ್ರತಿ ಕಲಮಿಗೂ ಮೂಲದ ಸಂಖ್ಯೆಯನ್ನೇ ಹಾಕಿ, ಠರಾವಿನ ಜೊತೆ ಕಡತಕ್ಕೆ ಸೇರಿಸತಕ್ಕದ್ದು. ಆ ಪ್ರತಿಯನ್ನು ಗಿರಾಕಿಗೆ ಕಳಿಸಬೇಡಿ, ಅದಕ್ಕೆ ಯಾರೂ ಸಹಿ ಹಾಕಬೇಡಿ. ಎರಡು ಭಾಷೆಯಲ್ಲಿ ಸಹಿಯಾದ ಕರಾರಿನಲ್ಲಿ ಯಾವುದು ಮೇಲು ಎಂಬುದೇ ಇನ್ನೊಂದು ವ್ಯಾಜ್ಯವಾಗುತ್ತದೆ.